ಫೋಟೊದಲ್ಲಿ ಕೂದಲು ತುಂಬುವ ಕೆಲಸ

ಮದುವೆ ಆಲ್ಬಂ ತಿರುವಿ ಹಾಕುತ್ತಿರುವವರು ಒಂದು ಪುಟದಲ್ಲಿ ತಟಕ್ಕನೆ ನಿಂತು, "ಇದೇನು, ವಿಗ್ ಹಾಕಿದ ಹಾಗೆ ಕಾಣ್ತಾಳಲ್ಲ!" ಎನ್ನುವುದುಂಟು. ಹಾಗೆ ಹೇಳಿದವರಿಗೆ ಫೋಟೊ ಎಡಿಟಿಂಗ್ ಗೊತ್ತಿರಬೇಕೆಂದಿಲ್ಲ. ಎಲ್ಲಿ ತಪ್ಪಾಗಿದೆ ಎಂದು ಕೇಳಿದರೆ ಬೆರಳಿಟ್ಟು ತೋರಿಸಲೂ ಆಗಲಿಕ್ಕಿಲ್ಲ. ಆದರೆ ಅವರ ಕಣ್ಣು ಸರಿಯಾಗಿಯೇ ಹಿಡಿದಿರುತ್ತದೆ. ಕೂದಲು ಮುಗಿದು ಹಿನ್ನೆಲೆ ಶುರುವಾಗುವ ಅಂಚು ಕತ್ತರಿಯಲ್ಲಿ ಕತ್ತರಿಸಿದಷ್ಟು ನುಣ್ಣಗಾಗಿರುತ್ತದೆ, ಇಲ್ಲವೇ ಬೈತಲೆಯ ಚರ್ಮ ಪೂರ್ತಿ ಮಾಯವಾಗಿ ಅಲ್ಲಿ ಬರೀ ಕಪ್ಪು ಉಳಿದಿರುತ್ತದೆ. ಹುಟ್ಟಿದಾಗಿನಿಂದ ಮನುಷ್ಯರ ತಲೆಗಳನ್ನು ನೋಡುತ್ತಲೇ ಬಂದ ನಮ್ಮ ಕಣ್ಣಿಗೆ ಮೂಗು ಸ್ವಲ್ಪ ತೆಳ್ಳಗಾದದ್ದು ತಿಳಿಯದೆ ಹೋದೀತು, ಕೂದಲಿನ ಅಂಚು ಸುಳ್ಳಾದರೆ ಮಾತ್ರ ತಿಳಿದುಬಿಡುತ್ತದೆ.

ಚಪ್ಪಟೆಯಾಗಿ ಕೂತ ಕೂದಲನ್ನು ಫೋಟೊದಲ್ಲಿ ತುಂಬಿಕೊಂಡಂತೆ ಮಾಡುವುದು, ಕೆದರಿ ನಿಂತ ಕೂದಲನ್ನು ತಗ್ಗಿಸುವುದು, ಇವೆರಡೂ ಸ್ಟುಡಿಯೊದವರ ಹತ್ತಿರ ದಿನಾ ಬರುವ ಬೇಡಿಕೆಗಳು. ಕಂಪ್ಯೂಟರ್ ಬರುವ ಮೊದಲೂ ಈ ಕೆಲಸ ನಡೆಯುತ್ತಿತ್ತು. ಆಗಿನ ರೀಟಚರ್‌ಗಳು ನೆಗೆಟಿವನ್ನು ಬೆಳಕಿನ ಮೇಜಿನ ಮೇಲಿಟ್ಟು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಒಂದೊಂದೇ ಗೆರೆ ಎಳೆಯುತ್ತಿದ್ದರು, ಬೇಡವಾದದ್ದನ್ನು ಸಣ್ಣ ಚಾಕುವಿನಿಂದ ಕೆರೆಯುತ್ತಿದ್ದರು. ನೆಗೆಟಿವ್‌ನಲ್ಲಿ ಕಪ್ಪು ಬಿಳುಪು ತಿರುಗುಮುರುಗಾಗಿರುವುದರಿಂದ ಅಲ್ಲಿ ಎಳೆದ ಪೆನ್ಸಿಲ್ ಗೆರೆ ಪ್ರಿಂಟಿನಲ್ಲಿ ಬೆಳಕಾಗಿ ಬರುತ್ತದೆ. ಇದನ್ನು ತಲೆಯಲ್ಲಿಟ್ಟುಕೊಂಡೇ ಅವರು ಕೈ ಆಡಿಸಬೇಕಿತ್ತು. ಫೋಟೊಶಾಪ್ 1990ರಲ್ಲಿ ಬಂತು. ಈ ಲೇಖನದಲ್ಲಿ ಮತ್ತೆ ಮತ್ತೆ ಬರುವ Liquify 2000ರ ಆವೃತ್ತಿಯಲ್ಲಿ ಸೇರಿತು, ಹೀಲಿಂಗ್ ಬ್ರಶ್ 2002ರಲ್ಲಿ. ಉಪಕರಣ ಬದಲಾಯಿತು. ಒಂದು ಎಳೆ ಎಷ್ಟು ದಪ್ಪ ಇರಬೇಕು, ಎಲ್ಲಿ ಹುಟ್ಟಿ ಎಲ್ಲಿ ಮುಗಿಯಬೇಕು ಎಂಬ ಪ್ರಶ್ನೆ ಹಾಗೇ ಇದೆ.

ಮೊದಲು ದಪ್ಪದ ಲೆಕ್ಕವನ್ನೇ ನೋಡೋಣ, ಏಕೆಂದರೆ ಹೆಚ್ಚಿನ ಕೆಲಸ ಕೆಡುವುದು ಅಲ್ಲಿ. ಈಗಿನ ಸಾಮಾನ್ಯ ಸ್ಟುಡಿಯೊ ಕ್ಯಾಮೆರಾದ ಚಿತ್ರ 24 ಮೆಗಾಪಿಕ್ಸೆಲ್, ಅಂದರೆ ಉದ್ದಕ್ಕೆ 6000, ಅಗಲಕ್ಕೆ 4000 ಚುಕ್ಕೆಗಳು. ಸೊಂಟದಿಂದ ಮೇಲಿನ ಭಾವಚಿತ್ರದಲ್ಲಿ ಗಲ್ಲದಿಂದ ನೆತ್ತಿಯವರೆಗಿನ ತಲೆ ಸುಮಾರು 2200 ಚುಕ್ಕೆ ತೆಗೆದುಕೊಂಡಿದೆ ಎನ್ನಿ. ತಲೆಯ ನಿಜವಾದ ಎತ್ತರ 22 ಸೆಂಟಿಮೀಟರ್ ಆಸುಪಾಸು. ಹಾಗಾದರೆ ಒಂದು ಸೆಂಟಿಮೀಟರಿಗೆ 100 ಚುಕ್ಕೆ, ಒಂದು ಚುಕ್ಕೆ ಎಂದರೆ ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗ. ತಲೆಗೂದಲಿನ ದಪ್ಪ ಹೆಚ್ಚುಕಡಿಮೆ 0.07 ಮಿಲಿಮೀಟರ್. ಒಂದು ಕೂದಲು ಒಂದು ಚುಕ್ಕೆಗಿಂತಲೂ ಸಣ್ಣದು! ಲೆನ್ಸು ಮತ್ತು ಸೆನ್ಸರ್ ಸೇರಿ ಅದನ್ನು ಒಂದೂವರೆ ಎರಡು ಚುಕ್ಕೆಗೆ ಹರಡುತ್ತವೆ. ಹರಡಿದಾಗ ಅದು ಕಡುಕಪ್ಪಾಗಿ ಉಳಿಯುವುದಿಲ್ಲ, ಹಿನ್ನೆಲೆಯ ಬಣ್ಣದ ಜೊತೆ ಅರ್ಧಂಬರ್ಧ ಬೆರೆತು ಮಸುಕಾಗುತ್ತದೆ. ಆರು ಚುಕ್ಕೆಯ ಬ್ರಶ್ಶಿನಲ್ಲಿ ಅಚ್ಚ ಕಪ್ಪು ಬಣ್ಣದಲ್ಲಿ ಎಳೆದ ಕೂದಲು ಆದ್ದರಿಂದಲೇ ದಾರದ ಹಾಗೆ ಕಾಣುವುದು. ಅದು ನಿಜವಾದ ಎಳೆಯ ಮೂರು ನಾಲ್ಕು ಪಟ್ಟು ದಪ್ಪ, ಅದರ ಅಂಚಿನಲ್ಲಿ ಮಸುಕೂ ಇಲ್ಲ.

ನಿಮ್ಮ ಚಿತ್ರದ ಲೆಕ್ಕ ಬೇರೆ ಇರಬಹುದು. ಕೆಲಸ ಶುರು ಮಾಡುವ ಮೊದಲು ಚಿತ್ರವನ್ನು 300 ಪ್ರತಿಶತಕ್ಕೆ ಹಿಗ್ಗಿಸಿ, ಅಂಚಿನಲ್ಲಿ ಒಂಟಿಯಾಗಿ ನಿಂತ ಒಂದು ನಿಜವಾದ ಕೂದಲನ್ನು ಹುಡುಕಿ, ಅದರ ಅಗಲವನ್ನು ಎಣಿಸಿಕೊಳ್ಳುವುದು ಒಳ್ಳೆಯದು. ಆ ಚಿತ್ರದಲ್ಲಿ ನಿಮ್ಮ ಬ್ರಶ್ಶಿನ ಅಳತೆ ಅದೇ.

ಇನ್ನು ಒಂದು ಚಿತ್ರವನ್ನೇ ಮುಂದಿಟ್ಟುಕೊಂಡು ಕೆಲಸ ಹೇಗೆ ಸಾಗುತ್ತದೆ ಎಂದು ಹೇಳುತ್ತೇನೆ. ಕರಾವಳಿಯ ಶಾಲೆಯೊಂದರ ಟೀಚರ್ ನಿವೃತ್ತಿಯ ಹೊತ್ತಿಗೆ ತೆಗೆಸಿಕೊಂಡ ಭಾವಚಿತ್ರ ಅದು. ಬೂದು ಬಣ್ಣದ ಬಟ್ಟೆಯ ಹಿನ್ನೆಲೆ, ಮೇಲಿಂದ ಎಡಕ್ಕೆ ಒಂದು ಸಾಫ್ಟ್‌ಬಾಕ್ಸ್, ಹಿಂದಿನಿಂದ ಒಂದು ಸಣ್ಣ ದೀಪ. ನಡು ಬೈತಲೆ ತೆಗೆದು, ಎಣ್ಣೆ ಹಚ್ಚಿ ಬಾಚಿ ಹಿಂದಕ್ಕೆ ತುರುಬು ಕಟ್ಟಿದ್ದಾರೆ. ಕೂದಲಿನಲ್ಲಿ ಕಪ್ಪು ಬಿಳುಪು ಎರಡೂ ಇವೆ. ನೆತ್ತಿಯ ಮೇಲೆ ಕೂದಲು ತಲೆಬುರುಡೆಗೆ ಅಂಟಿ ಕೂತಿದೆ, ಬೈತಲೆ ಅಗಲವಾಗಿ ಹೊಳೆಯುತ್ತಿದೆ. ಕಿವಿಯ ಮೇಲಿಂದ ಎರಡೂ ಬದಿಗೆ ಮಾತ್ರ ಸಣ್ಣ ಕೂದಲು ಎದ್ದು ಹಿಂದಿನ ದೀಪದ ಬೆಳಕಿಗೆ ಮಿಂಚುತ್ತಿದೆ. ಒಂದೇ ತಲೆಯಲ್ಲಿ ಎರಡು ತೊಂದರೆ: ಮೇಲೆ ಚಪ್ಪಟೆ, ಬದಿಯಲ್ಲಿ ಕೆದರು.

ಚಿತ್ರ ಒಪ್ಪಿಸುವಾಗ ಮಗಳು ಹೇಳಿದ್ದು ಇಷ್ಟು: "ಅಣ್ಣ, ಅಮ್ಮನ ಕೂದಲು ಸ್ವಲ್ಪ ತುಂಬಿದ ಹಾಗೆ ಕಾಣ್ಲಿ. ಆದ್ರೆ ನೋಡಿದವ್ರು ಎಡಿಟ್ ಮಾಡ್ಸಿದ್ದು ಅಂತ ಹೇಳ್ಬಾರ್ದು."

ಪಕ್ಕದಲ್ಲೇ ಇದ್ದ ಟೀಚರ್ ಸೇರಿಸಿದರು: "ಬಿಳಿ ಕೂದಲು ತೆಗೀಬೇಡಪ್ಪ. ನಾನು ಬಣ್ಣ ಹಾಕುವವಳಲ್ಲ ಅಂತ ಮಕ್ಕಳಿಗೆಲ್ಲ ಗೊತ್ತು."

ಕೆಲಸದ ಗಡಿಯನ್ನು ಇಬ್ಬರೂ ಸೇರಿ ಸ್ಪಷ್ಟವಾಗಿ ಹಾಕಿಕೊಟ್ಟಿದ್ದರು. ಇಂಥ ಮಾತು ಮೊದಲೇ ಆಗಿಬಿಟ್ಟರೆ ಮುಂದಿನ ತೀರ್ಮಾನಗಳೆಲ್ಲ ಸುಲಭ.

ಎರಡೂ ತೊಂದರೆಗಳಿಗೆ ಕಾರಣ ಬೇರೆ ಬೇರೆ ಎನ್ನುವುದನ್ನು ಇಲ್ಲೇ ಹೇಳಬೇಕು, ಏಕೆಂದರೆ ಕಾರಣ ತಿಳಿದರೆ ಎಲ್ಲಿ ಕೈಯಿಡಬೇಕು, ಎಲ್ಲಿ ಬಿಡಬೇಕು ಎನ್ನುವುದು ತಾನಾಗಿ ಗೊತ್ತಾಗುತ್ತದೆ. ವಯಸ್ಸಾಗುತ್ತ ಹೆಂಗಸರ ಕೂದಲು ತೆಳುವಾಗುವ ಸಾಮಾನ್ಯ ರೀತಿಯಲ್ಲಿ ಹಣೆಯ ಮೇಲಿನ ಗೆರೆ ಹೆಚ್ಚು ಹಿಂದೆ ಸರಿಯುವುದಿಲ್ಲ, ನಡು ಬೈತಲೆ ಅಗಲವಾಗುತ್ತ ಹೋಗುತ್ತದೆ. ಗಂಡಸರದ್ದು ಹಾಗಲ್ಲ, ಹಣೆಯ ಎರಡು ಮೂಲೆ ಹಿಂದೆ ಸರಿಯುತ್ತವೆ, ನೆತ್ತಿ ಖಾಲಿಯಾಗುತ್ತದೆ. ಹಾಗಾಗಿ ಟೀಚರ ಚಿತ್ರದಲ್ಲಿ ಹಣೆಯ ಅಂಚನ್ನು ಮುಟ್ಟುವ ಅಗತ್ಯವೇ ಇಲ್ಲ. ಎಷ್ಟೋ ಎಡಿಟರ್‌ಗಳು ಕೂದಲು ತುಂಬಿಸಿ ಎಂದಾಕ್ಷಣ ಹಣೆಯ ಗೆರೆಯನ್ನು ಕೆಳಕ್ಕೆ ತರುತ್ತಾರೆ, ಅಲ್ಲಿಗೆ ಮುಖವೇ ಬೇರೆಯವರದ್ದಾಗುತ್ತದೆ.

ಕೆದರುವಿಕೆಗೆ ಮುಖ್ಯ ಕಾರಣ ಗಾಳಿಯ ತೇವ. ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿನ ಸರಪಳಿಗಳನ್ನು ಹಿಡಿದಿಡುವ ಕೊಂಡಿಗಳಲ್ಲಿ ಒಂದು ಬಗೆಯವು ನೀರಿನ ಅಂಶಕ್ಕೆ ಸುಲಭವಾಗಿ ಕಳಚಿ ಬೇರೆ ಕಡೆ ಸೇರಿಕೊಳ್ಳುತ್ತವೆ. ಬಾಚಿ ನೇರ ಮಾಡಿದ ಎಳೆ ತೇವ ಹೀರಿ ತನ್ನ ಸಹಜವಾದ ವಂಕಿಗೆ ಮರಳುತ್ತದೆ, ಪ್ರತಿ ಎಳೆಯೂ ತನ್ನದೇ ದಿಕ್ಕಿಗೆ. ಜೊತೆಗೆ ತುಂಡಾದ ಕೂದಲು, ಹೊಸದಾಗಿ ಹುಟ್ಟುತ್ತಿರುವ ಗಿಡ್ಡ ಕೂದಲು ಇದ್ದೇ ಇರುತ್ತವೆ. ಈ ಗಿಡ್ಡ ಕೂದಲು ಎಲ್ಲರ ತಲೆಯ ಅಂಚಿನಲ್ಲೂ ಇರುವುದರಿಂದ ಅವನ್ನು ಪೂರ್ತಿ ಅಳಿಸಿದ ತಲೆ ನಮಗೆ ಪ್ಲಾಸ್ಟಿಕ್ಕಿನದಾಗಿ ಕಾಣುತ್ತದೆ.

ಈಗ ಕೆಲಸಕ್ಕೆ ಬರೋಣ. ನಾನು ಮೊದಲು ಆಕಾರ ತಿದ್ದಿ, ಆಮೇಲೆ ಕೆದರು ಕೂದಲು ತೆಗೆದು, ಆಮೇಲೆ ಬೈತಲೆಗೆ ಹೋಗಿ, ಕೊನೆಯಲ್ಲಿ ಹೊಸ ಎಳೆಗಳನ್ನು ಎಳೆಯುತ್ತೇನೆ. ಆಕಾರ ತಿದ್ದುವ Liquify ಚಿತ್ರವನ್ನು ಎಳೆದಾಡುವಾಗ ಎಳೆಗಳ ಚೂಪನ್ನು ಸ್ವಲ್ಪ ಕೆಡಿಸುತ್ತದೆ. ಮೊದಲು ಎಳೆ ಬರೆದು ಆಮೇಲೆ ಆಕಾರ ಎಳೆದರೆ ಬರೆದದ್ದೂ ಮಸುಕಾಗುತ್ತದೆ, ಅದಕ್ಕೇ ಈ ಕ್ರಮ.

ಫೋಟೊಶಾಪ್‌ನಲ್ಲಿ ಚಿತ್ರದ ಪ್ರತಿಯೊಂದನ್ನು ಮಾಡಿಕೊಂಡು, Filter ಮೆನುವಿನ Convert for Smart Filters ಒತ್ತಿ, ಅನಂತರ Liquify ತೆರೆದರೆ ಎಷ್ಟು ಎಳೆದಿದ್ದೇವೋ ಅದನ್ನು ನಾಳೆಯೂ ಬದಲಾಯಿಸಬಹುದು. ಒಳಗೆ Freeze Mask ಉಪಕರಣದಿಂದ ಹಣೆ, ಕಿವಿ, ಹಣೆಯ ಬಳಿ ಬೈತಲೆ ಶುರುವಾಗುವ ಜಾಗ ಇವುಗಳ ಮೇಲೆ ಬಣ್ಣ ಬಳಿದುಬಿಡಬೇಕು. ಬಳಿದ ಜಾಗ ಅಲುಗಾಡುವುದಿಲ್ಲ. ಮತ್ತೆ Forward Warp ಉಪಕರಣ. ಇದರ ಬ್ರಶ್ ದೊಡ್ಡದಿರಬೇಕು, ಈ ಚಿತ್ರಕ್ಕೆ 900 ಚುಕ್ಕೆ ತೆಗೆದುಕೊಂಡೆ. ಒತ್ತಡ ಕಡಿಮೆ, 20ರ ಸುತ್ತ. ನೆತ್ತಿಯನ್ನು ಒಂದೇ ಸಲಕ್ಕೆ ಎತ್ತದೆ, ಬೈತಲೆಯ ಎರಡೂ ಕಡೆ ಸಣ್ಣಸಣ್ಣದಾಗಿ ಮೇಲಕ್ಕೆ ತಳ್ಳುತ್ತ ಹೋಗಬೇಕು. ಸಣ್ಣ ಬ್ರಶ್ ಹಿಡಿದವರ ಚಿತ್ರದಲ್ಲಿ ತಲೆಯ ಮೇಲೆ ಉಬ್ಬುತಗ್ಗುಗಳು ಏಳುತ್ತವೆ.

ಎಷ್ಟು ಎತ್ತಬೇಕು ಎನ್ನುವುದೇ ಇಲ್ಲಿ ಮುಖ್ಯ. ಎಣ್ಣೆ ಹಚ್ಚದ ದಿನ ಟೀಚರ ಕೂದಲು ಬುರುಡೆಯಿಂದ ಆರೇಳು ಮಿಲಿಮೀಟರ್ ಮೇಲೆ ನಿಲ್ಲುತ್ತದೆ ಎಂದುಕೊಂಡರೆ, ನಮ್ಮ ಲೆಕ್ಕದಲ್ಲಿ ಅದು 60ರಿಂದ 70 ಚುಕ್ಕೆ. 2200 ಚುಕ್ಕೆಯ ತಲೆಯಲ್ಲಿ ಇದು ಶೇಕಡಾ ಮೂರು. ಕೇಳಲು ಏನೂ ಅಲ್ಲ ಅನಿಸುತ್ತದೆ, ಮೊದಲಿನ ಚಿತ್ರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸಾಕಷ್ಟಿರುತ್ತದೆ. ಒಂದು ಪರೀಕ್ಷೆ ಇದೆ: ಮನುಷ್ಯರ ಕಣ್ಣುಗಳು ಗಲ್ಲಕ್ಕೂ ತಲೆಬುರುಡೆಯ ತುದಿಗೂ ಹೆಚ್ಚುಕಡಿಮೆ ನಡುವಿನಲ್ಲಿರುತ್ತವೆ. ಕೂದಲಿನ ಎತ್ತರ ಸೇರಿ ಕಣ್ಣು ಸ್ವಲ್ಪ ಕೆಳಗೆ ಕಂಡರೆ ಸರಿ, ಬಹಳ ಕೆಳಗಿಳಿದ ಹಾಗೆ ಕಂಡರೆ ಎತ್ತಿದ್ದು ಹೆಚ್ಚಾಯಿತು. ಎಳೆತ ಶೇಕಡಾ ಹತ್ತನ್ನು ದಾಟಿದರೆ ಇನ್ನೊಂದು ಗುರುತು ಕಾಣಿಸುತ್ತದೆ: ಎಳೆಗಳು ಹಿಗ್ಗಿ ದಪ್ಪವಾಗಿ, ಆ ಭಾಗವಷ್ಟೇ ಫೋಕಸ್ ತಪ್ಪಿದಂತಾಗುತ್ತದೆ. ಟೀಚರ ಹಿಂದೆ ಬರೀ ಬಟ್ಟೆ ಇದ್ದದ್ದು ಒಳ್ಳೆಯದಾಯಿತು. ಬಾಗಿಲ ಚೌಕಟ್ಟು, ಕಿಟಕಿ ಸರಳು, ಹಂಚಿನ ಸಾಲು ಏನಾದರೂ ಹಿಂದಿದ್ದರೆ ತಲೆಯ ಜೊತೆ ಅವೂ ಬಾಗುತ್ತವೆ. ಆಗ ಕೂದಲನ್ನು ಬೇರೆ ಲೇಯರಿಗೆ ತೆಗೆದು ತಿದ್ದದೆ ದಾರಿಯಿಲ್ಲ.

ಎತ್ತುವುದರಿಂದ ಆಗದ ಜಾಗವೂ ಒಂದಿತ್ತು. ಎಡಗಿವಿಯ ಮೇಲೆ ಕೂದಲು ತೀರಾ ತೆಳು. ಅಲ್ಲಿಗೆ ಅದೇ ಬದಿಯ ಸ್ವಲ್ಪ ಹಿಂದಿನ ದಟ್ಟ ಭಾಗವನ್ನು ಅಂಚು ಮೃದುವಾಗುವಂತೆ ಆರಿಸಿ, Ctrl+Jಯಿಂದ ಹೊಸ ಲೇಯರಿಗೆ ತಂದು, ತಿರುಗಿಸಿ ಬಾಗಿಸಿ ಕೂರಿಸಿ, ಮಾಸ್ಕಿನಿಂದ ಅಂಚನ್ನು ಎಳೆಯ ದಿಕ್ಕಿನಲ್ಲಿ ಕರಗಿಸಿದೆ. ಬಲಬದಿಯಲ್ಲಿ ಇನ್ನೂ ಚೆನ್ನಾದ ದಟ್ಟ ಕೂದಲಿತ್ತು, ಅದನ್ನು ಕನ್ನಡಿಯಂತೆ ತಿರುಗಿಸಿ ತರುವ ಆಸೆ ಯಾರಿಗೂ ಬರುತ್ತದೆ. ಆದರೆ ಬೆಳಕು ಎಡದಿಂದ ಬಿದ್ದ ಚಿತ್ರದಲ್ಲಿ ತಿರುಗಿಸಿದ ತುಂಡಿನ ಹೊಳಪು ಬಲದಿಂದ ಬಿದ್ದ ಹಾಗಿರುತ್ತದೆ. ಒಂದೇ ಆಕಾರದ ಹೊಳಪು ಎರಡು ಕಡೆ ಕಂಡರೂ ಗುಟ್ಟು ರಟ್ಟಾಗುತ್ತದೆ, ಹಾಗಾಗಿ ತಂದ ತುಂಡಿನ ಹೊಳಪನ್ನು ಸ್ವಲ್ಪ ಮಂಕು ಮಾಡಬೇಕಾಯಿತು.

ಮುಂದಿನದು ಕೆದರು. ಹೊಸ ಖಾಲಿ ಲೇಯರ್ ಹಾಕಿ, Clone Stamp ಹಿಡಿದು, ಮೇಲಿನ ಪಟ್ಟಿಯಲ್ಲಿ Sample ಎಂಬಲ್ಲಿ Current & Below ಆರಿಸಿದರೆ ಮೂಲ ಚಿತ್ರ ಹಾಳಾಗುವುದಿಲ್ಲ. ಅದೇ ಪಟ್ಟಿಯಲ್ಲಿ Mode ಎಂಬುದೊಂದಿದೆ, ಇಡೀ ಕೆಲಸದ ಕೀಲಿ ಅಲ್ಲಿದೆ. Lighten ಇಟ್ಟರೆ ಬ್ರಶ್ಶು ತಾನು ತಂದ ಬಣ್ಣಕ್ಕಿಂತ ಕಪ್ಪಾಗಿರುವ ಚುಕ್ಕೆಗಳನ್ನು ಮಾತ್ರ ಬದಲಿಸುತ್ತದೆ. ಬೂದು ಬಟ್ಟೆಯಿಂದ ಬಣ್ಣ ತೆಗೆದುಕೊಂಡು ಕರಿ ಕೂದಲಿನ ಮೇಲೆ ಉಜ್ಜಿದರೆ ಕೂದಲು ಹೋಗುತ್ತದೆ, ಬಟ್ಟೆಯ ನೇಯ್ಗೆ ಬಹುತೇಕ ಹಾಗೇ ಉಳಿಯುತ್ತದೆ. ಟೀಚರ ಬಿಳಿ ಎಳೆಗಳು ಮಾತ್ರ ಈ ಸುತ್ತಿನಲ್ಲಿ ಅಲುಗುವುದಿಲ್ಲ, ಅವು ಬಟ್ಟೆಗಿಂತ ಬೆಳ್ಳಗಿವೆಯಲ್ಲ! ಅವಕ್ಕೆ Mode ಅನ್ನು Darkenಗೆ ಬದಲಿಸಿ ಎರಡನೇ ಸುತ್ತು ಹೋಗಬೇಕು. ನರೆ ಬೆರೆತ ತಲೆಗೆ ಈ ಎರಡು ಸುತ್ತುಗಳು ಬೇಕೇ ಬೇಕು, ಯಾವ ಬಣ್ಣದ್ದನ್ನು ಎಷ್ಟು ಉಳಿಸಬೇಕು ಎಂದು ಬೇರೆಬೇರೆಯಾಗಿ ತೀರ್ಮಾನಿಸುವ ಅವಕಾಶವೂ ಇದರಿಂದ ಸಿಗುತ್ತದೆ. ದುಡ್ಡು ಕೊಟ್ಟು ಫೋಟೊಶಾಪ್ ಕೊಳ್ಳಲಾಗದವರು ಉಚಿತವಾದ ಗಿಂಪ್‌ನಲ್ಲಿ ಇದನ್ನೇ Clone ಉಪಕರಣದ Lighten only, Darken onlyಗಳಿಂದ ಮಾಡಬಹುದು. ಅದರಲ್ಲಿ Liquify ಜಾಗದಲ್ಲಿ Warp Transform ಇದೆ.

ಆದರೆ Lighten ಇಟ್ಟುಕೊಂಡು ಕೂದಲಿನ ರಾಶಿಯೊಳಗೆ ಬ್ರಶ್ ಹೋದರೆ ಅಲ್ಲಿಯದೂ ಬಟ್ಟೆಗಿಂತ ಕಪ್ಪೇ ಆದ್ದರಿಂದ ಅದನ್ನೂ ತಿಂದುಹಾಕುತ್ತದೆ. ಅಂಚಿಗೆ ಬಂದಾಗ ಕೈ ನಿಲ್ಲಬೇಕು. ಅಂಚಿನಿಂದ ಹೊರಗೆ ಎರಡು ಮೂರು ಮಿಲಿಮೀಟರ್, ಅಂದರೆ 20ರಿಂದ 30 ಚುಕ್ಕೆಗಳ ಪಟ್ಟಿಯೊಂದನ್ನು ನಾನು ಬೇರೆಯಾಗಿ ನೋಡುತ್ತೇನೆ. ಆ ಪಟ್ಟಿಯಾಚೆ ಹಾರುವ ಉದ್ದ ಎಳೆ, ಹೊರಗೆ ಹೋಗಿ ಕುಣಿಕೆಯಂತೆ ಬಾಗಿ ಮರಳುವ ಎಳೆ, ಕಣ್ಣು ಕೆನ್ನೆಗಳಿಗೆ ಅಡ್ಡ ಬಂದ ಎಳೆ, ಇವು ಹೋಗಲಿ. ಪಟ್ಟಿಯೊಳಗಿನ ಗಿಡ್ಡ ಕೂದಲಿನಲ್ಲಿ ಮೂರರಲ್ಲಿ ಒಂದರಷ್ಟಾದರೂ ಉಳಿಯಲಿ, ಅದೂ ಒಂದೇ ಅಂತರದಲ್ಲಲ್ಲ, ಅಲ್ಲೊಂದು ಇಲ್ಲೆರಡು ಎಂಬಂತೆ. ಹಿಂದಿನ ದೀಪಕ್ಕೆ ಮಿನುಗುವ ಟೀಚರ ಬಿಳಿ ಎಳೆಗಳಲ್ಲಿ ಕೆಲವನ್ನು ನಾನು ಬೇಕೆಂದೇ ಬಿಟ್ಟೆ. ಅವು ಚಿತ್ರಕ್ಕೆ ಚೆಂದವನ್ನೇ ಕೊಡುತ್ತಿದ್ದವು.

ಒಂದು ಎಳೆಯನ್ನು ತೆಗೆಯಲು ಹೊರಟರೆ ಬುಡದವರೆಗೆ ತೆಗೆಯಬೇಕು. ಅರ್ಧಕ್ಕೆ ನಿಲ್ಲಿಸಿದರೆ ಮೊಂಡು ತುದಿಯ ಕೂದಲೊಂದು ಗಾಳಿಯಲ್ಲಿ ನಿಂತಿರುತ್ತದೆ, ಇಲ್ಲವೇ ಬುಡವಿಲ್ಲದ ತುಂಡೊಂದು ಬಟ್ಟೆಯ ಮೇಲೆ ತೇಲುತ್ತಿರುತ್ತದೆ. ನಡುವೆ ನಿಲ್ಲಿಸಲೇಬೇಕಾದ ಕಡೆ ತುದಿಯನ್ನು ತೆಳುವಾಗುತ್ತ ಮಸುಕಾಗುವಂತೆ ಮಾಡಬೇಕು. ಕೆಟ್ಟ ಎಡಿಟಿಂಗನ್ನು ಕಂಡುಹಿಡಿಯಬೇಕೆಂದಿದ್ದರೆ ನಾನು ಮೊದಲು ನೋಡುವುದು ಈ ಮೊಂಡು ತುದಿಗಳನ್ನೇ.

ಕೆದರನ್ನು ಬೇಗ ಮುಗಿಸಲು ಒಂದು ಅಡ್ಡದಾರಿ ಚಾಲ್ತಿಯಲ್ಲಿದೆ. ಚಿತ್ರದ ಪ್ರತಿಯೊಂದಕ್ಕೆ Gaussian Blur ಹಾಕಿ, ಕೂದಲಿನ ಸುತ್ತ ಆ ಮಸುಕನ್ನು ಮಾಸ್ಕಿನ ಮೂಲಕ ಬಳಿಯುವುದು. ನುಣ್ಣನೆಯ ಹಿನ್ನೆಲೆಯಲ್ಲಿ ಇದು ನಡೆಯುತ್ತದೆ. ಆದರೆ ಮಸುಕಿನ ಜೊತೆ ಚಿತ್ರದ ಸಹಜವಾದ ನಾಯ್ಸ್ ಕಾಳುಗಳೂ ಅಳಿಸಿಹೋಗಿ ತಲೆಯ ಸುತ್ತ ನುಣುಪಾದ ಪ್ರಭಾವಳಿಯೊಂದು ಉಳಿಯುತ್ತದೆ, ದೊಡ್ಡ ಪ್ರಿಂಟಿನಲ್ಲಿ ಅದು ಎದ್ದು ಕಾಣುತ್ತದೆ. ಆ ಜಾಗಕ್ಕೆ Add Noise ಮೂಲಕ ಕಾಳುಗಳನ್ನು ಮತ್ತೆ ಸೇರಿಸಿದರೆ ಮಾತ್ರ ಈ ದಾರಿ ಹಿಡಿಯಬಹುದು. ಮೊಬೈಲಿನಲ್ಲೇ ಕೆಲಸ ಮಾಡುವವರು ಸ್ನ್ಯಾಪ್‌ಸೀಡ್‌ನ Healingನಿಂದ ನುಣ್ಣನೆಯ ಗೋಡೆಯ ಮುಂದೆ ಹಾರಾಡುವ ಒಂದೆರಡು ಎಳೆಗಳನ್ನು ತೆಗೆಯಬಹುದು, ಅಂಚಿನ ಕೆಲಸಕ್ಕೆ ಬೆರಳು ತೀರಾ ದಪ್ಪವಾಯಿತು.

ಇನ್ನು ಬೈತಲೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಈ ಒಂದು ಗೆರೆ. ಟೀಚರ ಬೈತಲೆ ಚಿತ್ರದಲ್ಲಿ ಒಂದು ಸೆಂಟಿಮೀಟರಿನಷ್ಟು ಅಗಲವಾಗಿ ಕಾಣುತ್ತಿತ್ತು. ನಿಜವಾಗಿ ಅಷ್ಟಿರಲಿಲ್ಲ. ಮೇಲಿಂದ ಬಿದ್ದ ಬೆಳಕು ಎಣ್ಣೆ ಸವರಿದ ಚರ್ಮಕ್ಕೆ ತಾಗಿ ನೇರ ಕ್ಯಾಮೆರಾಕ್ಕೆ ಹೊಡೆದಿತ್ತು. ಸೊನ್ನೆ ಕಪ್ಪು, 255 ಬಿಳುಪು ಎಂಬ ಅಳತೆಯಲ್ಲಿ ಚರ್ಮ 175ರ ಹತ್ತಿರ, ಪಕ್ಕದ ಕೂದಲು 30ರ ಹತ್ತಿರ. ಕಣ್ಣಿಗೆ ಬೋಳಾಗಿ ಕಾಣುವುದು ಈ ಎರಡರ ನಡುವಿನ ಅಂತರ. ಚರ್ಮ ಕಂಡರೆ ತಪ್ಪಿಲ್ಲ, ಹೊಳೆದರೆ ತಪ್ಪು. ಹಾಗಾಗಿ ಚರ್ಮವನ್ನು ಮುಚ್ಚುವ ಬದಲು ಮಂಕು ಮಾಡುತ್ತ ಹೋಗಬೇಕು.

ಅದಕ್ಕೆ ಒಂದು Curves ಲೇಯರ್ ಹಾಕಿ, ನಡುವನ್ನು ಕೆಳಕ್ಕೆಳೆದು, ಮಾಸ್ಕನ್ನು ಪೂರ್ತಿ ಕಪ್ಪು ಮಾಡಿ, ಬೇಕಾದ ಕಡೆ ಮಾತ್ರ ಬಿಳಿ ಬ್ರಶ್ಶಿನಿಂದ ತೆರೆಯುತ್ತ ಬರುವುದು. ಹೀಗೆ ಕಪ್ಪು ಮಾಡಿದಾಗ ಚರ್ಮದ ಬಣ್ಣ ಗಾಢವಾಗಿ ಕಿತ್ತಳೆಗೆ ತಿರುಗುವುದುಂಟು. ಲೇಯರಿನ ಬ್ಲೆಂಡ್ ಮೋಡನ್ನು Luminosityಗೆ ಬದಲಿಸಿದರೆ ಬೆಳಕು ಮಾತ್ರ ಇಳಿದು ಬಣ್ಣ ತನ್ನ ಪಾಡಿಗೆ ಇರುತ್ತದೆ. ಬ್ರಶ್ಶಿನ Flow ಹತ್ತು ಹದಿನೈದಕ್ಕಿಂತ ಹೆಚ್ಚು ಬೇಡ, ಅಗಲ ನಾಲ್ಕೈದು ಚುಕ್ಕೆ. ಬೈತಲೆಯ ಉದ್ದಕ್ಕೆ ಬಳಿಯಬಾರದು. ಕೂದಲು ಮಲಗಿದ ದಿಕ್ಕಿನಲ್ಲಿ, ಎರಡು ಬದಿಯ ಅಂಚಿನಿಂದ ಒಳಕ್ಕೆ, ಗೆರೆಗೆರೆಯಾಗಿ ಬಳಿಯಬೇಕು. 175 ಇದ್ದದ್ದು ಅಂಚಿನಲ್ಲಿ 90ಕ್ಕೆ ಇಳಿದು, ನಡುಗೆರೆಯಲ್ಲಿ 120ರ ಸುತ್ತ ನಿಂತಿತು. ಅಷ್ಟಕ್ಕೇ ಒಂದು ಸೆಂಟಿಮೀಟರಿನ ಬೈತಲೆ ಅರ್ಧದಷ್ಟಾಗಿ ಕಂಡಿತು, ಒಂದು ಹೊಸ ಕೂದಲನ್ನೂ ಇನ್ನೂ ಬರೆದಿರಲಿಲ್ಲ.

30ರವರೆಗೆ ಇಳಿಸಿದ್ದರೆ ಏನಾಗುತ್ತಿತ್ತು? ಚರ್ಮವೂ ಕೂದಲೂ ಒಂದಾಗಿ, ಕಾಡಿಗೆ ಮೆತ್ತಿದ ಹಾಗೆ. ಕೂದಲಿನ ನಡುನಡುವೆ ಇಣುಕುವ ಕಂದು ಚರ್ಮದಿಂದಲೇ ನಮಗೆ ಕೂದಲು ಬುಡದಿಂದ ಹುಟ್ಟಿದೆ ಎನ್ನುವ ನಂಬಿಕೆ ಬರುವುದು. ಅದಿಲ್ಲದಿದ್ದರೆ ಕೂದಲು ಮೇಲಿಂದ ಇಟ್ಟದ್ದಾಗಿಬಿಡುತ್ತದೆ. ನಿಜವಾದ ಬೈತಲೆ ಸ್ಕೇಲು ಹಿಡಿದು ಎಳೆದ ಗೆರೆಯೂ ಅಲ್ಲ. ಒಂದೆರಡು ಕಡೆ ಪಕ್ಕದ ಬುಡ ಈಚೆಗೆ ಸರಿದಿರುತ್ತದೆ, ಒಂದು ಕಡೆ ಸ್ವಲ್ಪ ಅಗಲವಾಗಿ ಮತ್ತೆ ಕಿರಿದಾಗುತ್ತದೆ. ಆ ಡೊಂಕುಗಳನ್ನು ಕಾಪಾಡಿಕೊಳ್ಳಬೇಕು.

ಹೊಸ ಎಳೆಗಳು ಬರುವುದು ಈಗ. ಇದಕ್ಕೆ ಮೌಸ್ ಸಾಲದು, ಒತ್ತಡಕ್ಕೆ ತಕ್ಕಂತೆ ಗೆರೆ ದಪ್ಪ ತೆಳುವಾಗುವ ಪೆನ್ ಟ್ಯಾಬ್ಲೆಟ್ ಬೇಕು. ಖಾಲಿ ಲೇಯರಿನಲ್ಲಿ ಎರಡು ಚುಕ್ಕೆಯ ಬ್ರಶ್, Opacity ಐವತ್ತರ ಸುತ್ತ. ಬಣ್ಣವನ್ನು ಪಕ್ಕದ ಕೂದಲಿನಿಂದಲೇ ಹೆಕ್ಕಬೇಕು, ನೆರಳಿನ ಕಡೆಯದೊಂದು, ನಡುವಿನದೊಂದು, ಹೊಳಪಿನದೊಂದು, ಟೀಚರ ಚಿತ್ರಕ್ಕೆ ನರೆಯದೂ ಒಂದು. ಅಚ್ಚ ಕಪ್ಪು ಎಲ್ಲಿಯೂ ಬೇಡ. ಕೂದಲು ಚರ್ಮದ ಒಂದು ಬಿಂದುವಿನಿಂದ ಒಂಟಿಯಾಗಿಯೋ ಎರಡು ಮೂರರ ಗುಂಪಾಗಿಯೋ ಹೊರಡುತ್ತದೆ. ಹಾಗೆಯೇ ಬುಡದಿಂದ ತುದಿಯ ಕಡೆಗೆ ಕೈ ಓಡಬೇಕು, ಪಕ್ಕದ ಎಳೆಗಳ ಬಾಗನ್ನು ಅನುಸರಿಸಿ, ತುದಿಯಲ್ಲಿ ಒತ್ತಡ ಬಿಟ್ಟು. ಕೆಲವು ಒಂದನ್ನೊಂದು ದಾಟಲಿ. ಎಲ್ಲ ಸಮಾನಾಂತರವಾದರೆ ಬಾಚಣಿಗೆಯ ಹಲ್ಲುಗಳಾಗುತ್ತವೆ. ಬೈತಲೆಯ ಎರಡು ಬದಿಗೂ ಸೇರಿ ನಾಲ್ಕೈದು ಡಜನ್ ಎಳೆಗಳಲ್ಲಿ ಕೆಲಸ ಮುಗಿಯಿತು. ಮಂಕು ಮಾಡುವುದು ಸರಿಯಾಗಿ ಆಗಿದ್ದರೆ ಅದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ, ಬೇಕಾಗುತ್ತಿದೆ ಅನಿಸಿದರೆ ಹಿಂದಿನ ಹಂತಕ್ಕೆ ಮರಳುವುದೇ ಸರಿ. ಬರೆದ ಎಳೆ ಕ್ಯಾಮೆರಾ ಹಿಡಿದ ಎಳೆಗಿಂತ ಚೂಪಾಗಿರುವುದರಿಂದ ಆ ಲೇಯರಿಗೆ ಅರ್ಧ ಚುಕ್ಕೆಯ ಮಸುಕು ಕೊಟ್ಟರೆ ಎರಡೂ ಹೊಂದಿಕೊಳ್ಳುತ್ತವೆ. Liquify ಎತ್ತಿದ ನೆತ್ತಿಯ ಮೇಲಂಚು ತೀರಾ ನುಣ್ಣಗಾಗಿತ್ತು. ಅಲ್ಲಿಯೂ ಹತ್ತಾರು ಗಿಡ್ಡ ಎಳೆಗಳು ಬೇಕಾದವು.

ಉಳಿದದ್ದು ಹೊಳಪು. ಎಣ್ಣೆ ಹಚ್ಚಿದ ಕೂದಲಿನ ಹೊಳಪು ಕಿರಿದಾಗಿ ಗಡುಸಾಗಿರುತ್ತದೆ, ಒಣಗಿ ತುಂಬಿ ನಿಂತ ಕೂದಲಿನದು ಅಗಲವಾಗಿ ಮೆತ್ತಗೆ ಹರಡಿರುತ್ತದೆ. ಕೂದಲು ಬುರುಡೆಗೆ ಅಂಟಿದೆಯೋ ಮೇಲೆ ನಿಂತಿದೆಯೋ ಎಂದು ನಮಗೆ ಹೇಳುವುದು ಬಹುಮಟ್ಟಿಗೆ ಈ ಹೊಳಪಿನ ಪಟ್ಟಿ. ಟೀಚರ ಚಿತ್ರದಲ್ಲಿ ಗಡುಸಾದ ಮಿಂಚನ್ನು ಸ್ವಲ್ಪ ತಗ್ಗಿಸಿ, ಅದರ ಮೇಲೂ ಕೆಳಗೂ ಎಳೆಯ ದಿಕ್ಕಿನಲ್ಲಿ ತೆಳುವಾಗಿ ಬೆಳಕು ಹೆಚ್ಚಿಸಿದೆ. ಕಿವಿಯ ಹಿಂದೆ ತುರುಬಿನ ಕಡೆಗೆ ಹೋಗುವ ಜಾಗದಲ್ಲಿ ನೆರಳನ್ನು ಗಾಢ ಮಾಡಿದೆ. ನೆರಳು ಕೂಡಿದಷ್ಟೂ ಮುಂದಿನ ಕೂದಲು ಉಬ್ಬಿದಂತೆ ಕಾಣುತ್ತದೆ.

ಕೆಲಸ ಮುಗಿಯಿತು ಅನಿಸಿದ ಮೇಲೆ ಚಿತ್ರವನ್ನು ಅಡ್ಡಲಾಗಿ ತಿರುಗಿಸಿ ನೋಡಬೇಕು. ಗಂಟೆಗಟ್ಟಲೆ ನೋಡಿ ಒಗ್ಗಿಹೋದ ಕಣ್ಣಿಗೆ ತಲೆಯ ಸೊಟ್ಟ ಆಗ ಕಾಣುತ್ತದೆ. ಮತ್ತೆ ಚಿತ್ರವನ್ನು 25 ಪ್ರತಿಶತಕ್ಕೆ ಇಳಿಸಿ, ಮೊದಲಿನದನ್ನೂ ತಿದ್ದಿದ್ದನ್ನೂ ಒಂದರ ಹಿಂದೆ ಒಂದು ತೆರೆಯಬೇಕು. ಪರದೆಯ ಮೇಲೆ ಸರಿ ಕಂಡದ್ದು ಪ್ರಿಂಟಿನಲ್ಲಿ ಕೆಡಬಹುದು. ಲ್ಯಾಬ್‌ನಲ್ಲಿ ಪ್ರಿಂಟಿಗೆ ಮೊದಲು ಚಿತ್ರವನ್ನು ಚೂಪು ಮಾಡುವ ಪದ್ಧತಿ ಇದ್ದರೆ ಅದರಿಂದ ಬರೆದ ಎಳೆಗಳು ದಪ್ಪವಾಗುತ್ತವೆ. ಆದ್ದರಿಂದ 12x18 ಇಂಚಿನ ದೊಡ್ಡ ಪ್ರಿಂಟ್ ಹಾಕಿಸುವ ಮೊದಲು, ಅದೇ ಅಳತೆಯಲ್ಲಿ ನೆತ್ತಿಯ ಭಾಗವನ್ನಷ್ಟೇ ಕತ್ತರಿಸಿ 4x6ರ ಕಾಗದದಲ್ಲಿ ಹಾಕಿಸಿ ನೋಡುವುದು ಅಗ್ಗದ ವಿಮೆ. ಟೀಚರ ಚಿತ್ರದ ಆ ತುಂಡಿನಲ್ಲಿ ಬೈತಲೆಯ ಹಿಂಭಾಗದ ಏಳೆಂಟು ಎಳೆಗಳು ಎದ್ದು ಕಂಡವು. ಲೇಯರ್ ಬೇರೆ ಇದ್ದದ್ದರಿಂದ ಅವುಗಳ Opacityಯನ್ನು ಮೂವತ್ತಕ್ಕೆ ಇಳಿಸಿದರೆ ಸಾಕಾಯಿತು.

ಚಿತ್ರ ನೋಡಿದ ಟೀಚರ್ ಮೊದಲು ನೋಡಿದ್ದು ಕಿವಿಯ ಪಕ್ಕದ ಬಿಳಿ ಕೂದಲನ್ನು. "ಉಂಟಲ್ಲ" ಎಂದರು. ಬೈತಲೆಯ ಬಗ್ಗೆ ಯಾರೂ ಮಾತಾಡಲಿಲ್ಲ.

ಇಷ್ಟು ಹೇಳಿದ ಮೇಲೆ, ಈ ಕೆಲಸವನ್ನು ಮಾಡಲೇಬಾರದ ಚಿತ್ರಗಳಿವೆ ಎನ್ನುವುದನ್ನೂ ಹೇಳಬೇಕು. ಪಾಸ್‌ಪೋರ್ಟ್, ವೀಸಾಗಳ ಚಿತ್ರದಲ್ಲಿ ರೂಪ ತಿದ್ದುವುದಕ್ಕೆ ಅವಕಾಶವಿಲ್ಲ. ಅಲ್ಲಿ ಕೂದಲು ಕೆದರಿದ್ದರೆ ಬಾಚಿ ಇನ್ನೊಮ್ಮೆ ತೆಗೆಯಬೇಕಷ್ಟೇ. ಕೂದಲು ಉದುರುವಿಕೆಗೆ ಚಿಕಿತ್ಸೆ ಪಡೆಯುವವರು ವೈದ್ಯರಿಗೆ ತೋರಿಸುವ ಚಿತ್ರದಲ್ಲಿ ಬೈತಲೆಯ ಅಗಲವೇ ರೋಗದ ಅಳತೆ, ಮೊಬೈಲಿನ ಬ್ಯೂಟಿ ಮೋಡ್ ಕೂಡ ಆಫ್ ಇರಬೇಕು. ತಲೆಗೆ ಹಚ್ಚುವ ಎಣ್ಣೆಯದ್ದೋ ಕೂದಲು ಕಸಿಯದ್ದೋ ಜಾಹೀರಾತಿಗೆ 'ಮೊದಲು, ಆಮೇಲೆ' ಚಿತ್ರ ಮಾಡಿಕೊಡಿ ಎಂದು ಬರುವ ಗಿರಾಕಿಗಳೂ ಇದ್ದಾರೆ. ಅಲ್ಲಿ 'ಆಮೇಲೆ' ಎಂಬ ಚಿತ್ರದ ಬೈತಲೆಯನ್ನು ಮಂಕು ಮಾಡುವುದೆಂದರೆ ಆ ಎಣ್ಣೆ ಮಾಡದ ಕೆಲಸವನ್ನು ಮಾಡಿದೆ ಎಂದು ಹೇಳಿ ಜನರಿಂದ ದುಡ್ಡು ಕೀಳಲು ನೆರವಾಗುವುದು. ಅಂಥ ಕೆಲಸವನ್ನು ನಾನು ಒಪ್ಪುವುದಿಲ್ಲ. ಎರಡೂ ಚಿತ್ರಗಳನ್ನು ಒಂದೇ ದೀಪ, ಒಂದೇ ದೂರ, ಒಂದೇ ರೀತಿಯ ಬಾಚುವಿಕೆಯಲ್ಲಿ ತೆಗೆಸಿಕೊಂಡು ಬನ್ನಿ, ಮುಟ್ಟದೆ ಪ್ರಿಂಟ್ ಹಾಕಿಕೊಡುತ್ತೇನೆ ಎನ್ನುತ್ತೇನೆ.